ಅಳೆದರೆ ಎಷ್ಟು ಬರಬೇಕು? ಪ್ರಾಜೆಕ್ಟನ್ನು ಇನ್ನೊಬ್ಬರು ಕಟ್ಟುವಂತೆ ಬರೆದಿಡುವುದು



ಅಂತಿಮ ವರ್ಷದ ಪರೀಕ್ಷೆ ಮುಗಿದ ಮೇಲೆ ನಮ್ಮ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಬೀರುಗಳಿಗೆ ಎರಡು ಬಗೆಯ ವಸ್ತುಗಳು ಬಂದು ಸೇರುತ್ತವೆ. ಒಂದು, ಚಿನ್ನದ ಅಕ್ಷರ ಒತ್ತಿಸಿದ ದಪ್ಪ ರಟ್ಟಿನ ವರದಿ. ಇನ್ನೊಂದು, ವೈರುಗಳು ಅರ್ಧ ಕಿತ್ತುಬಂದ ಒಂದು ಬ್ರೆಡ್‌ಬೋರ್ಡ್. ಮುಂದಿನ ವರ್ಷದ ಹುಡುಗರು ಆ ವರದಿಯನ್ನು ಓದಿ ಆ ಬ್ರೆಡ್‌ಬೋರ್ಡನ್ನು ಮತ್ತೆ ನಡೆಸಲು ಹೊರಟರೆ ಸಾಮಾನ್ಯವಾಗಿ ಆಗುವುದಿಲ್ಲ. ವರದಿಯಲ್ಲಿ ಬ್ಲಾಕ್ ಡಯಾಗ್ರಾಂ ಇರುತ್ತದೆ, ಅನುಕೂಲ-ಅನನುಕೂಲಗಳ ಪಟ್ಟಿ ಇರುತ್ತದೆ, ಮುಂದಿನ ಸಾಧ್ಯತೆಗಳೂ ಇರುತ್ತವೆ. ಹಸಿರು ವೈರು ಯಾವ ಪಿನ್ನಿಗೆ ಹೋಗಬೇಕು ಎಂಬುದು ಮಾತ್ರ ಇರುವುದಿಲ್ಲ. ಅದು ಬರೆದವರ ತಪ್ಪೆಂದು ನಾನು ಹೇಳುವುದಿಲ್ಲ. ವರದಿ ಇರುವುದು ಪರೀಕ್ಷಕರಿಗಾಗಿ. ಕಟ್ಟುವವನಿಗೆ ಬೇಕಾದ ಬರಹವೇ ಬೇರೆ. ಪ್ರಾಜೆಕ್ಟಿನ ಫೋಲ್ಡರಿನಲ್ಲಿ `README.md` ಎಂಬ ಹೆಸರಿನಲ್ಲಿ ಇರಬೇಕಾದ ಕಡತ ಅದು. ಅದರ ಜೊತೆಗೆ ಸರ್ಕ್ಯೂಟ್ ಚಿತ್ರದ ಪಕ್ಕದಲ್ಲಿ ಬರೆಯಬೇಕಾದ ಟಿಪ್ಪಣಿಗಳೂ ಸೇರುತ್ತವೆ. ಇವತ್ತು ನಾನು ಮಾತಾಡುವುದು ಇವೆರಡರ ಬಗ್ಗೆ.

ಗಾಳಿಯಲ್ಲಿ ಮಾತಾಡುವುದು ಬೇಡ, ಒಂದೇ ಪ್ರಾಜೆಕ್ಟನ್ನು ಹಿಡಿಯೋಣ. ಮಣ್ಣಿನ ತೇವ ನೋಡಿ ತಾನಾಗಿ ನೀರು ಬಿಡುವ ಯಂತ್ರ. ಇದನ್ನು ಮಾಡದ ಕಾಲೇಜೇ ಇಲ್ಲವೆನ್ನಬಹುದು. ಸಾಮಾನು ಹೆಚ್ಚೇನಿಲ್ಲ. ಒಂದು ಇಎಸ್‌ಪಿ32 ಬೋರ್ಡು, ಮಣ್ಣಿಗೆ ಚುಚ್ಚುವ ಒಂದು ಕೆಪಾಸಿಟಿವ್ ಸೆನ್ಸರ್, ಒಂದು ರಿಲೇ, ಅರ್ಧ ಇಂಚಿನ 12 ವೋಲ್ಟ್ ಸೊಲೆನಾಯ್ಡ್ ವಾಲ್ವ್, 12 ವೋಲ್ಟಿನ ಅಡಾಪ್ಟರ್, ಅದರಿಂದ 5 ವೋಲ್ಟ್ ಮಾಡಿಕೊಡುವ ಎಲ್‌ಎಂ2596 ಬಕ್ ಮಾಡ್ಯೂಲ್. ಸೆನ್ಸರ್ ಕೆಟ್ಟರೆ ಕೂಗಲು ಒಂದು ಬಝರ್. ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನದಲ್ಲಿ ಸಿಗುತ್ತವೆ. ಇಷ್ಟು ಸುಲಭದ ಪ್ರಾಜೆಕ್ಟನ್ನೇ ಆರಿಸಿಕೊಳ್ಳಲು ಕಾರಣವಿದೆ. ಬರಹದ ಕೊರತೆಯಿಂದ ಇದೂ ಕೈಕೊಡುತ್ತದೆ ಎಂದು ತೋರಿಸಿದರೆ, ದೊಡ್ಡ ಪ್ರಾಜೆಕ್ಟುಗಳ ಗತಿ ಏನಾಗಬಹುದೆಂದು ನೀವೇ ಊಹಿಸಿಕೊಳ್ಳುತ್ತೀರಿ.

ಸಾಮಾನಿನ ಪಟ್ಟಿಯಿಂದಲೇ ಶುರು ಮಾಡೋಣ. ನಾನು ನೋಡಿದ ಬಹುಪಾಲು ರೀಡ್‌ಮಿಗಳಲ್ಲಿ ಇರುವುದು "ಸಾಯಿಲ್ ಮಾಯಿಶ್ಚರ್ ಸೆನ್ಸರ್ – 1" ಎಂಬ ಒಂದು ಸಾಲು. ಈ ಸಾಲನ್ನು ಹಿಡಿದುಕೊಂಡು ಅಂಗಡಿಗೆ ಹೋದವನಿಗೆ ಮೊದಲು ಸಿಗುವುದು ಎರಡು ಲೋಹದ ಕಾಲುಗಳ ರೆಸಿಸ್ಟಿವ್ ಸೆನ್ಸರ್. ಮಣ್ಣಿನಲ್ಲಿ ಕರೆಂಟು ಹರಿಯುವುದರಿಂದ ಅದರ ಕಾಲುಗಳು ಸ್ವಲ್ಪ ದಿನದಲ್ಲೇ ತುಕ್ಕು ಹಿಡಿಯುತ್ತವೆ. "ಕೆಪಾಸಿಟಿವ್" ಎಂದು ಬರೆದರೆ ಸಾಕೇ? ಸಾಲದು. ಕಪ್ಪು ಬಣ್ಣದ, ಮೇಲೆ v1.2 ಎಂದು ಅಚ್ಚಾಗಿರುವ ಸೆನ್ಸರ್‌ನಲ್ಲೇ ಒಳಗಿನ ಭಾಗಗಳು ಬೇರೆ ಬೇರೆ ಇರುತ್ತವೆ. ಅದರ ಎದೆಯಲ್ಲಿ ಒಂದು 555 ಟೈಮರ್ ಐಸಿ ಇದೆ. ಕೆಲವು ಬೋರ್ಡುಗಳಲ್ಲಿ ಅದು ಟಿಎಲ್‌ಸಿ555, ಅಂದರೆ 2 ವೋಲ್ಟಿನಿಂದಲೇ ಕೆಲಸ ಮಾಡುವಂಥದ್ದು. ಕೆಲವುಗಳಲ್ಲಿ ಎನ್‌ಇ555. ಅದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು. ಇಎಸ್‌ಪಿ32ರ 3.3 ವೋಲ್ಟಿಗೆ ಜೋಡಿಸಿದರೆ ಮೊದಲನೆಯದು ಸರಿಯಾಗಿ ನಡೆಯುತ್ತದೆ. ಎರಡನೆಯದು ಮನಸ್ಸಿಗೆ ಬಂದ ಅಂಕಿ ಕೊಡುತ್ತದೆ, ಇಲ್ಲವೇ ನೀರಿನಲ್ಲಿಟ್ಟರೂ ಒಣಗಿದಲ್ಲಿಟ್ಟರೂ ಒಂದೇ ಅಂಕಿಗೆ ಅಂಟಿಕೊಳ್ಳುತ್ತದೆ. ಹುಡುಗ ಏನು ಮಾಡುತ್ತಾನೆ? ಕೋಡಿನಲ್ಲಿ ತಪ್ಪು ಹುಡುಕುತ್ತಾನೆ. ಎರಡು ರಾತ್ರಿ ಹುಡುಕುತ್ತಾನೆ.

ಅದೇ ಬೋರ್ಡಿನಲ್ಲಿ ಇನ್ನೊಂದು ಪ್ರಸಿದ್ಧ ದೋಷವಿದೆ. ಔಟ್‌ಪುಟ್ ತಂತಿಗೂ ಗ್ರೌಂಡಿಗೂ ನಡುವೆ 1 ಮೆಗಾ ಓಮ್‌ನ ಒಂದು ರೆಸಿಸ್ಟರ್ ಇರಬೇಕು. ಔಟ್‌ಪುಟ್ಟಿನಲ್ಲಿ ಕೂಡಿಕೊಂಡ ಚಾರ್ಜು ಹರಿದುಹೋಗುವುದು ಅದರ ಮೂಲಕ. ಕೆಲವು ತಯಾರಿಕೆಗಳಲ್ಲಿ ಆ ರೆಸಿಸ್ಟರ್ ಕೂತಿರುತ್ತದೆ, ಆದರೆ ಗ್ರೌಂಡಿಗೆ ಸೇರಿರುವುದಿಲ್ಲ. ಇದರ ಲಕ್ಷಣ ಸ್ಪಷ್ಟ: ಸೆನ್ಸರನ್ನು ನೀರಿಗಿಳಿಸಿದರೆ ಅಂಕಿ ತಟ್ಟನೆ ಇಳಿಯದೆ ಜಾರುತ್ತಾ ಜಾರುತ್ತಾ ಇಳಿಯುತ್ತದೆ. ಪರೀಕ್ಷೆಯೂ ಸುಲಭ. ಕರೆಂಟು ಕೊಡದೆ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಔಟ್‌ಪುಟ್ಟಿಗೂ ಗ್ರೌಂಡಿಗೂ ಅಳೆದರೆ ಸುಮಾರು 1 ಮೆಗಾ ಓಮ್ ಬರಬೇಕು. ಬಾರದಿದ್ದರೆ ಹೊರಗಿನಿಂದ ಒಂದು ರೆಸಿಸ್ಟರ್ ಹಾಕಿಕೊಂಡರೆ ಮುಗಿಯಿತು.

ಹಾಗಾಗಿ ಸಾಮಾನಿನ ಪಟ್ಟಿಯ ಒಂದು ಸಾಲು ಹೀಗಿರಬೇಕು:

```
ಸೆನ್ಸರ್: ಕೆಪಾಸಿಟಿವ್, ಬೋರ್ಡ್ ಮೇಲೆ "v1.2", ಐಸಿ ಮೇಲೆ "TLC555"
         (NE555 ಆದರೆ 3.3 V ನಲ್ಲಿ ನಡೆಯದು, ಕೊಳ್ಳಬೇಡಿ)
ಪರೀಕ್ಷೆ:  ಕರೆಂಟಿಲ್ಲದಾಗ AOUT–GND ಸುಮಾರು 1 MΩ
```

ಐಸಿಯ ಮೇಲಿನ ಅಕ್ಷರ ಬರಿಗಣ್ಣಿಗೆ ಕಾಣುವುದಿಲ್ಲ. ಫೋನಿನ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಬೇಕು. ಆ ಫೋಟೋವನ್ನೇ ಫೋಲ್ಡರಿನಲ್ಲಿ ಹಾಕಿಬಿಟ್ಟರೆ ಇನ್ನೂ ಒಳ್ಳೆಯದು. ಬೆಲೆ, ಅಂಗಡಿಯ ಹೆಸರು ಬರೆಯುವುದಕ್ಕಿಂತ ಈ ಒಂದು ಫೋಟೋ ಹೆಚ್ಚು ಕಾಲ ಬಾಳುತ್ತದೆ.

ಪಟ್ಟಿಯ ಎಲ್ಲ ಸಾಲುಗಳೂ ಇಷ್ಟು ಉದ್ದ ಇರಬೇಕೆಂದು ನಾನು ಹೇಳುತ್ತಿಲ್ಲ. ಜಂಪರ್ ವೈರಿಗೆ ವಿವರಣೆ ಬೇಡ. ಎಲ್ಲಿ ಒಂದೇ ಹೆಸರಿನಲ್ಲಿ ಎರಡು ಬೇರೆ ವಸ್ತುಗಳು ಸಿಗುತ್ತವೋ ಅಲ್ಲಿ ಮಾತ್ರ ನಿಂತು ಬರೆಯಬೇಕು. ನಮ್ಮ ಪ್ರಾಜೆಕ್ಟಿನಲ್ಲಿ ಅಂಥವು ಮೂರು: ಸೆನ್ಸರ್, ರಿಲೇ ಮತ್ತು ಇಎಸ್‌ಪಿ32 ಬೋರ್ಡು. ಬೋರ್ಡಿನ ಸಂಗತಿ ಬೇಗ ಮುಗಿಯುತ್ತದೆ. 30 ಕಾಲಿನದು, 38 ಕಾಲಿನದು ಎಂದು ಎರಡು ಬಗೆ ಇದ್ದು, ಕಾಲುಗಳ ಜಾಗ ಬೇರೆ ಬೇರೆ. ಆದ್ದರಿಂದ "ಎಡಗಡೆಯಿಂದ ನಾಲ್ಕನೇ ಪಿನ್" ಎಂದು ಬರೆಯಬಾರದು, ಚಿಪ್ಪಿನ ಪಿನ್ ಸಂಖ್ಯೆಯನ್ನೇ ಬರೆಯಬೇಕು. ಒಂದು ಬೋರ್ಡಿನಲ್ಲಿ ಅದು D34 ಎಂದು, ಇನ್ನೊಂದರಲ್ಲಿ ಬರೀ 34 ಎಂದು ಅಚ್ಚಾಗಿರಬಹುದು ಎಂದೂ ಸೇರಿಸಿದರೆ ಸಾಕು.

ಈಗ ಸರ್ಕ್ಯೂಟ್ ಚಿತ್ರಕ್ಕೆ ಬರೋಣ. ಬ್ರೆಡ್‌ಬೋರ್ಡಿನ ಬಣ್ಣಬಣ್ಣದ ಚಿತ್ರವನ್ನು ಸರ್ಕ್ಯೂಟ್ ಚಿತ್ರವೆಂದು ಕೊಡುವ ಅಭ್ಯಾಸ ಈಗ ಹೆಚ್ಚಾಗಿದೆ. ಅದನ್ನು ನೋಡಿ ವೈರು ಚುಚ್ಚಬಹುದು, ನಿಜ. ಆದರೆ ಏನೋ ಕೆಟ್ಟಾಗ ಅದರಿಂದ ಕಾರಣ ತಿಳಿಯಲಾಗದು. ಹತ್ತು ವೈರು ಒಂದರ ಮೇಲೊಂದು ಹಾದುಹೋದರೆ ಯಾವುದು ಎಲ್ಲಿ ಸೇರಿದೆ ಎಂಬುದೇ ಕಾಣುವುದಿಲ್ಲ. ಸ್ಕೆಮ್ಯಾಟಿಕ್ ಬರೆಯಲು ಕೈಕ್ಯಾಡ್ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ಬರೆದರೆ ಮೂಲ ಕಡತವನ್ನೂ ಪಿಡಿಎಫ್ ಪ್ರತಿಯನ್ನೂ ಎರಡನ್ನೂ ಇಡಿ. ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತವನ್ನು ಹಳೆಯ ಆವೃತ್ತಿ ತೆರೆಯುವುದಿಲ್ಲ, ಲ್ಯಾಬಿನ ಕಂಪ್ಯೂಟರಿನಲ್ಲಿ ಹಳೆಯದೇ ಇರುತ್ತದೆ. ಪಿಡಿಎಫ್ ಆದರೆ ಎಲ್ಲಿ ಬೇಕಾದರೂ ತೆರೆದುಕೊಳ್ಳುತ್ತದೆ. ಬರೀ ಪಿಡಿಎಫ್ ಇಟ್ಟರೂ ಸಾಲದು. ಮುಕ್ತ ಹಾರ್ಡ್‌ವೇರ್ ಎಂಬುದರ ವ್ಯಾಖ್ಯೆಯಲ್ಲೇ, ತಿದ್ದಲು ಬರುವ ಮೂಲ ಕಡತ ಕೊಡಬೇಕು ಎಂಬ ಷರತ್ತಿದೆ. ಅದು ಸಿಗದವನು ಒಂದು ರೆಸಿಸ್ಟರ್ ಬದಲಿಸಬೇಕಾದರೂ ಇಡೀ ಚಿತ್ರವನ್ನು ಮತ್ತೆ ಬರೆಯಬೇಕಾಗುತ್ತದೆ.

ಸ್ಕೆಮ್ಯಾಟಿಕ್‌ನಲ್ಲಿ ಗೆರೆಗಳು ಸರಿಯಾಗಿರುವುದು ಮೊದಲ ಮಾತು. ಆಮೇಲಿನದು, ಪಕ್ಕದಲ್ಲಿ ಕಾರಣ ಬರೆಯುವುದು. ರಿಲೇಯ ಉದಾಹರಣೆ ತೆಗೆದುಕೊಳ್ಳಿ. ಮಾರುಕಟ್ಟೆಯ ರಿಲೇ ಮಾಡ್ಯೂಲುಗಳಲ್ಲಿ ಹೆಚ್ಚಿನವು ಇನ್‌ಪುಟ್ ಸೊನ್ನೆಗೆ ಇಳಿದಾಗ ಎಳೆಯುತ್ತವೆ. ಕೆಲವು ಮಾತ್ರ ಇನ್‌ಪುಟ್ ಮೇಲೇರಿದಾಗ ಎಳೆಯುತ್ತವೆ. ನೋಡಲು ಎರಡೂ ಒಂದೇ ಥರ ಇರುತ್ತವೆ. ಮೊದಲ ಬ್ಯಾಚಿನವರ ಬಳಿ ಇದ್ದದ್ದು ಸೊನ್ನೆಗೆ ಎಳೆಯುವ ರಿಲೇ ಎಂದಿಟ್ಟುಕೊಳ್ಳಿ. ವಾಲ್ವನ್ನು ಅದರ NO ಎಂಬ ಸ್ಕ್ರೂವಿಗೆ ಜೋಡಿಸಿದ್ದರು, ಅಂದರೆ ರಿಲೇ ಸುಮ್ಮನಿದ್ದಾಗ ತೆರೆದಿರುವ ಸಂಪರ್ಕಕ್ಕೆ. ಎರಡನೇ ಬ್ಯಾಚಿನವನಿಗೆ ಸಿಕ್ಕಿದ್ದು ಮೇಲೇರಿದಾಗ ಎಳೆಯುವ ರಿಲೇ. ಅವನ ಯಂತ್ರ ತಲೆಕೆಳಗಾಗಿ ನಡೆಯುತ್ತದೆ, ಮಣ್ಣು ಹಸಿಯಿದ್ದಾಗ ನೀರು ಬಿಡುತ್ತದೆ, ಒಣಗಿದಾಗ ನಿಲ್ಲಿಸುತ್ತದೆ. ಅವನಿಗೆ ಹೊಳೆಯುವ ಸುಲಭದ ಪರಿಹಾರವೆಂದರೆ ವಾಲ್ವಿನ ವೈರನ್ನು NO ಇಂದ ತೆಗೆದು NC ಸ್ಕ್ರೂವಿಗೆ ಹಾಕುವುದು. ಹಾಕುತ್ತಾನೆ. ಯಂತ್ರ ಸರಿಯಾಗಿ ನಡೆಯುತ್ತದೆ, ಡೆಮೋ ಕೂಡ ಆಗುತ್ತದೆ.

ಅಪಾಯ ಉಳಿದುಕೊಂಡಿರುವುದು ಕಾಣುವುದು ಆಮೇಲೆ. 5 ವೋಲ್ಟಿನ ವೈರು ಒಂದು ರಾತ್ರಿ ಸಡಿಲವಾಯಿತು ಎನ್ನಿ. ಇಎಸ್‌ಪಿ32 ನಿಂತಿತು, ರಿಲೇಯ ಹಿಡಿತ ತಪ್ಪಿತು. NO ಗೆ ಜೋಡಿಸಿದ್ದರೆ ವಾಲ್ವ್ ಮುಚ್ಚಿಕೊಳ್ಳುತ್ತಿತ್ತು. NC ಗೆ ಜೋಡಿಸಿದ್ದರಿಂದ 12 ವೋಲ್ಟ್ ನೇರವಾಗಿ ವಾಲ್ವಿಗೆ ಹೋಗುತ್ತದೆ. ಬೆಳಗಿನವರೆಗೆ ನೀರು ಹರಿಯುತ್ತದೆ, ಟ್ಯಾಂಕು ಖಾಲಿ. ಚಿತ್ರದಲ್ಲಿ ರಿಲೇಯ ಪಕ್ಕ ಎರಡು ಸಾಲು ಇದ್ದಿದ್ದರೆ ಇದು ಆಗುತ್ತಿರಲಿಲ್ಲ:

```
K1: IN = LOW ಆದಾಗ ರಿಲೇ ಎಳೆಯುತ್ತದೆ. ಬೇರೆ ಬಗೆಯಾದರೆ ಕೋಡಿನಲ್ಲಿ RELAY_ON ಬದಲಿಸಿ.
ವಾಲ್ವ್ NO ಗೇ ಇರಲಿ: ಬೋರ್ಡ್ ಸತ್ತರೆ ನೀರು ನಿಲ್ಲಬೇಕು.
```

ಎರಡನೇ ಸಾಲಿನ ಕೊನೆಯ ನಾಲ್ಕು ಪದಗಳೇ ಸ್ಕೆಮ್ಯಾಟಿಕ್ ಟಿಪ್ಪಣಿಯ ಜೀವ. ಏನು ಜೋಡಿಸಿದ್ದೇವೆ ಎಂಬುದನ್ನು ಗೆರೆ ಹೇಳುತ್ತದೆ. ಏಕೆ ಹಾಗೆ, ಯಾವುದನ್ನು ಬದಲಿಸಬಾರದು ಎಂಬುದನ್ನು ಮಾತೇ ಹೇಳಬೇಕು. ವಾಲ್ವಿನ ಸುರುಳಿಗೆ ಅಡ್ಡಲಾಗಿ ಹಾಕುವ 1ಎನ್4007 ಡಯೋಡಿಗೂ ಇಂಥದೇ ಮಾತು ಬೇಕು. ಅದರ ಬಿಳಿ ಪಟ್ಟಿ 12 ವೋಲ್ಟಿನ ಕಡೆಗಿರಬೇಕು. ತಿರುಗಿಸಿ ಹಾಕಿದರೆ ರಿಲೇ ಎಳೆದ ಕ್ಷಣದಲ್ಲೇ ಅಡಾಪ್ಟರ್ ಶಾರ್ಟ್ ಆಗುತ್ತದೆ. ಹಾಕದೇ ಬಿಟ್ಟರೆ ವಾಲ್ವ್ ಮುಚ್ಚುವಾಗ ಸುರುಳಿಯಿಂದ ಏಳುವ ಹೆಚ್ಚಿನ ವೋಲ್ಟೇಜು ರಿಲೇಯ ಸಂಪರ್ಕದಲ್ಲಿ ಕಿಡಿ ಹಾರಿಸುತ್ತದೆ, ಇಎಸ್‌ಪಿ32 ಆಗಾಗ ಕಾರಣವಿಲ್ಲದೆ ರೀಸೆಟ್ ಆದಂತೆ ಕಾಣುತ್ತದೆ. ಸೆನ್ಸರನ್ನು 34ನೇ ಪಿನ್ನಿಗೇ ಏಕೆ ಕೊಟ್ಟಿದ್ದೇವೆ? ಇಎಸ್‌ಪಿ32ರಲ್ಲಿ ಅನಲಾಗ್ ಓದುವ ಎರಡು ಗುಂಪುಗಳಿವೆ. ವೈಫೈ ನಡೆಯುವಾಗ ಎರಡನೇ ಗುಂಪನ್ನು ನಂಬುವಂತಿಲ್ಲ. 34 ಮೊದಲ ಗುಂಪಿನದು. ಈ ಕಾರಣವನ್ನು ಬರೆಯದಿದ್ದರೆ, ವೈರು ತಲುಪಲು ಸುಲಭವೆಂದು ಯಾರೋ ಅದನ್ನು 25ಕ್ಕೆ ಸರಿಸುತ್ತಾರೆ. ವೈಫೈ ಇಲ್ಲದಾಗ ಸರಿಯಾಗಿ ಓದುತ್ತದೆ, ವೈಫೈ ಬಂದ ಕೂಡಲೇ ಕೆಡುತ್ತದೆ.

ಇನ್ನು ನನ್ನ ಮುಖ್ಯ ಮಾತು. ರೀಡ್‌ಮಿಯಲ್ಲಿ ಕಟ್ಟುವ ಹಂತಗಳನ್ನು ಬರೆಯುತ್ತೇವೆ: ಇದನ್ನು ಜೋಡಿಸಿ, ಅದನ್ನು ಜೋಡಿಸಿ, ಕೋಡ್ ಹಾಕಿ, ಆನ್ ಮಾಡಿ. ಎಲ್ಲ ಜೋಡಿಸಿ ಆನ್ ಮಾಡಿದಾಗ ನಡೆಯದಿದ್ದರೆ? ಎಲ್ಲಿ ತಪ್ಪಿತು ಎಂದು ತಿಳಿಯಲು ದಾರಿಯೇ ಇಲ್ಲ. ಪ್ರತಿ ಹಂತದ ಕೊನೆಯಲ್ಲಿ ಒಂದು ಅಳತೆ ಬೇಕು. ಮಲ್ಟಿಮೀಟರಿನ ಕಡ್ಡಿಯನ್ನು ಎಲ್ಲಿಡಬೇಕು, ಎಷ್ಟು ಬರಬೇಕು, ಎಷ್ಟರಿಂದ ಎಷ್ಟರವರೆಗೆ ಬಂದರೆ ಚಿಂತೆಯಿಲ್ಲ. ಇಷ್ಟನ್ನು ಬರೆದರೆ ಓದುವವನಿಗೆ ತಾನಿನ್ನೂ ದಾರಿಯ ಮೇಲಿದ್ದೇನೆಯೇ ಎಂದು ತಿಳಿಯುತ್ತದೆ. ನನ್ನ ಮಟ್ಟಿಗೆ ರೀಡ್‌ಮಿಯ ಅರ್ಧ ಬೆಲೆ ಇದರಲ್ಲಿದೆ.

```
1. 12 V ಅಡಾಪ್ಟರ್ ಮಾತ್ರ           TP1–GND  11.5 – 12.6 V
2. ಬಕ್ ಮಾಡ್ಯೂಲ್ (ESP32 ಇಲ್ಲದೆ)    TP2–GND  4.9 – 5.1 V
3. ESP32 ಕೂರಿಸಿದ ಮೇಲೆ             3V3–GND  3.2 – 3.4 V
4. ಸೆನ್ಸರ್ ಗಾಳಿಯಲ್ಲಿ                TP3–GND  2.0 – 2.6 V
   ಸೆನ್ಸರ್ ನೀರಿನಲ್ಲಿ, ಗೆರೆಯವರೆಗೆ      TP3–GND  0.9 – 1.4 V
```

ಈ ಪಟ್ಟಿಯಲ್ಲಿ ಕ್ರಮವೂ ಮುಖ್ಯ. ಎರಡನೇ ಹಂತವನ್ನು ನೋಡಿ. ಬಕ್ ಮಾಡ್ಯೂಲ್ ಅಂಗಡಿಯಿಂದ ಬರುವಾಗ 5 ವೋಲ್ಟಿಗೆ ಹೊಂದಿಸಿಕೊಂಡು ಬರುವುದಿಲ್ಲ, ಏನು ಬೇಕಾದರೂ ಕೊಡುತ್ತಿರಬಹುದು. ಅದರ ಮೇಲಿನ ನೀಲಿ ಪೆಟ್ಟಿಗೆಯ ಹಿತ್ತಾಳೆ ಸ್ಕ್ರೂವನ್ನು ತಿರುಗಿಸಿ ನಾವೇ ಹೊಂದಿಸಬೇಕು. ಆ ಸ್ಕ್ರೂ ಹಲವು ಸುತ್ತು ತಿರುಗುವಂಥದ್ದು. ಮೊದಲ ಕೆಲವು ಸುತ್ತುಗಳಲ್ಲಿ ಮೀಟರಿನ ಅಂಕಿ ಅಲುಗಾಡದೆಯೂ ಇರಬಹುದು, ಕೆಟ್ಟಿದೆಯೆಂದು ಬಿಸಾಡಬಾರದು. ಇದೆಲ್ಲ ಇಎಸ್‌ಪಿ32 ಜೋಡಿಸುವ ಮೊದಲೇ ಆಗಬೇಕು. "ಬಕ್ ಮಾಡ್ಯೂಲನ್ನು ಇಎಸ್‌ಪಿ32ಕ್ಕೆ ಜೋಡಿಸಿ, ನಂತರ 5 ವೋಲ್ಟಿಗೆ ಹೊಂದಿಸಿಕೊಳ್ಳಿ" ಎಂದು ಬರೆದ ರೀಡ್‌ಮಿಗಳನ್ನು ನಾನು ನೋಡಿದ್ದೇನೆ. ವ್ಯಾಕರಣ ಸರಿಯಿದೆ. ಆದರೆ ಅದರಂತೆ ನಡೆದವನ ಬೋರ್ಡು ಸುಟ್ಟುಹೋಗುತ್ತದೆ. ಏಕೆಂದರೆ ನಾವು ಸಾಲು ಸಾಲಾಗಿ ಓದುತ್ತಾ ಮಾಡುತ್ತಾ ಹೋಗುವವರು, ಎಚ್ಚರಿಕೆ ಮುಂದಿನ ಸಾಲಿನಲ್ಲಿದ್ದರೆ ಅದನ್ನು ಓದುವ ಹೊತ್ತಿಗೆ ಹೊಗೆ ಬಂದಿರುತ್ತದೆ.

ಅಳತೆಯ ಜೊತೆಗೆ ಪರದೆಯ ಮೇಲೆ ಏನು ಕಾಣಬೇಕು, ಏನು ಕಾಣಬಾರದು ಎಂಬುದನ್ನೂ ಇದ್ದ ಹಾಗೆಯೇ ನಕಲು ಮಾಡಿ ಹಾಕಿ. ವೈಫೈ ಶುರುವಾಗುವಾಗ ಇಎಸ್‌ಪಿ32 ಒಮ್ಮೆಲೇ ಹೆಚ್ಚು ಕರೆಂಟು ಎಳೆಯುತ್ತದೆ. ವೈರು ತೆಳುವಾಗಿದ್ದರೆ, ಅಡಾಪ್ಟರ್ ದುರ್ಬಲವಾಗಿದ್ದರೆ ವೋಲ್ಟೇಜು ಕುಸಿಯುತ್ತದೆ. ಆಗ ಸೀರಿಯಲ್ ಮಾನಿಟರಿನಲ್ಲಿ ಈ ಸಾಲು ಬಂದು ಬೋರ್ಡು ಮತ್ತೆ ಮತ್ತೆ ಶುರುವಾಗುತ್ತದೆ:

```
Brownout detector was triggered
```

ಈ ಸಾಲನ್ನು ನೀವು ಒಮ್ಮೆ ಕಂಡು ಪರಿಹರಿಸಿದ್ದರೆ ಅದನ್ನೂ ಪರಿಹಾರವನ್ನೂ ರೀಡ್‌ಮಿಯಲ್ಲಿ ಸೇರಿಸಿ. "ವಿದ್ಯುತ್ ಸಮಸ್ಯೆ ಬರಬಹುದು" ಎಂದು ಸಾರಾಂಶ ಬರೆಯಬೇಡಿ. ಓದುವವನು ತನ್ನ ಪರದೆಯ ಸಾಲನ್ನು ನಿಮ್ಮ ಕಡತದಲ್ಲಿ ಹುಡುಕುತ್ತಾನೆ. ಅಕ್ಷರಕ್ಕೆ ಅಕ್ಷರ ಇದ್ದರೆ ಮಾತ್ರ ಸಿಗುತ್ತದೆ.

ಕೋಡಿನ ವಿಷಯದಲ್ಲಿ ಇದೇ ತತ್ವ ಆವೃತ್ತಿ ಸಂಖ್ಯೆಗಳಿಗೆ ಅನ್ವಯಿಸುತ್ತದೆ. ನಮ್ಮ ಬಝರಿನ ಕೋಡು `ledcSetup` ಎಂಬ ಆದೇಶವನ್ನು ಬಳಸುತ್ತದೆ. ಇಎಸ್‌ಪಿ32ರ ಆರ್ಡ್ವಿನೋ ಕೋರ್‌ನ 2ನೇ ಸರಣಿಯಲ್ಲಿ ಅದು ಇತ್ತು. 3ನೇ ಸರಣಿಯಲ್ಲಿ ತೆಗೆದುಹಾಕಿ `ledcAttach` ತಂದರು. ಕಳೆದ ವರ್ಷ ಸರಾಗವಾಗಿ ನಡೆದ ಕೋಡು ಹೊಸ ಕೋರ್ ಇರುವ ಕಂಪ್ಯೂಟರಿನಲ್ಲಿ ಕಂಪೈಲೇ ಆಗುವುದಿಲ್ಲ. ಒಂದಕ್ಷರವೂ ಬದಲಾಗದ ಕೋಡು ಹೀಗೆ ಕೆಡುವುದನ್ನು ಕಂಡ ಹುಡುಗರು ಹಿಂದಿನವರು ಸುಳ್ಳು ಕೋಡ್ ಕೊಟ್ಟಿದ್ದಾರೆಂದೇ ತೀರ್ಮಾನಿಸುತ್ತಾರೆ. "ಇತ್ತೀಚಿನ ಆವೃತ್ತಿ ಬಳಸಿ" ಎಂಬ ಸಲಹೆ ಬರೆದ ದಿನಕ್ಕೆ ಮಾತ್ರ ನಿಜ. ಪ್ಲಾಟ್‌ಫಾರ್ಮ್‌ಐಒ ಬಳಸುವವರು ಸಂಖ್ಯೆಯನ್ನು ಕಡತದಲ್ಲೇ ಕಟ್ಟಿಹಾಕಬಹುದು:

```
[env:esp32dev]
platform = espressif32@6.9.0
board = esp32dev
framework = arduino
monitor_speed = 115200
```

ಇದರಿಂದ 2ನೇ ಸರಣಿಯ ಕೋರ್ ತಾನಾಗಿ ಬಂದು ಕೂರುತ್ತದೆ. ಆರ್ಡ್ವಿನೋ ಐಡಿಇ ಬಳಸುವವರು ಬೋರ್ಡ್ ಮ್ಯಾನೇಜರಿನಲ್ಲಿ ಕಾಣುವ ಸಂಖ್ಯೆಯನ್ನು ನೋಡಿ ಬರೆದಿಡಲಿ. ಇನ್ನೊಂದು ಸಣ್ಣ ಮಾತು. ವೈಫೈ ಪಾಸ್‌ವರ್ಡ್ ಇರುವ `secrets.h` ಕಡತವನ್ನು ಹಂಚಬಾರದೆಂದು ನೀವು ಜಾಣತನದಿಂದ ಹೊರಗಿಟ್ಟಿರುತ್ತೀರಿ. ಅದು ಸರಿಯೇ. ಆದರೆ ಅದು ಇರಬೇಕೆಂಬುದನ್ನೇ ಹೇಳದೆ ಬಿಟ್ಟರೆ ಓದುವವನ ಪರದೆಯಲ್ಲಿ ಕಾಣುವುದು `No such file or directory` ಮಾತ್ರ. ಖಾಲಿ ಜಾಗ ಬಿಟ್ಟ `secrets.example.h` ಒಂದನ್ನು ಜೊತೆಗಿಡಿ, ಹೆಸರು ಬದಲಿಸಿಕೊಳ್ಳಲು ಹೇಳಿ.

ಇಷ್ಟೆಲ್ಲ ಸರಿಯಾದ ಮೇಲೂ ಉಳಿಯುವ ತೊಂದರೆ ಎಂದರೆ ಕ್ಯಾಲಿಬ್ರೇಷನ್. ಅನಲಾಗ್ ಓದು 0 ಇಂದ 4095ರವರೆಗಿನ ಒಂದು ಅಂಕಿ. ಈ ಸೆನ್ಸರಿನಲ್ಲಿ ಒಣಗಿದಾಗ ಅಂಕಿ ಹೆಚ್ಚು, ಒದ್ದೆಯಾದಾಗ ಕಡಿಮೆ. ಮೊದಲ ಬ್ಯಾಚಿನ ಸೆನ್ಸರ್ ಗಾಳಿಯಲ್ಲಿ 2700, ನೀರಿನಲ್ಲಿ 1200 ತೋರಿಸಿತು ಎನ್ನಿ. ಅವರು ಅದನ್ನು ಶೇಕಡಾವಾರು ಮಾಡಿಕೊಂಡರು:

```
percent = (2700 - raw) * 100 / (2700 - 1200)
```

ಶೇ 55ಕ್ಕಿಂತ ಕಡಿಮೆಯಾದರೆ ವಾಲ್ವ್ ತೆರೆಯಬೇಕೆಂದು ಬರೆದರು. ಅಂಕಿ 1950 ಬಂದರೆ ಶೇ 50, ವಾಲ್ವ್ ತೆರೆಯುತ್ತದೆ. ಎರಡನೇ ಬ್ಯಾಚಿನವನ ಸೆನ್ಸರ್ ಅದೇ ಬಗೆಯದು, ಆದರೆ ಗಾಳಿಯಲ್ಲಿ 3000, ನೀರಿನಲ್ಲಿ 1400 ತೋರಿಸುತ್ತದೆ. ಇಂಥ ವ್ಯತ್ಯಾಸ ಈ ಅಗ್ಗದ ಸೆನ್ಸರುಗಳಲ್ಲಿ ಸಹಜ. ಅವನಿಗೂ ಒಂದು ಹೊತ್ತಿನಲ್ಲಿ 1950 ಬಂತು. ಅವನ ಸೆನ್ಸರಿನ ಲೆಕ್ಕದಲ್ಲಿ ಅದು 1050ನ್ನು 1600ರಿಂದ ಭಾಗಿಸಿದಷ್ಟು, ಅಂದರೆ ಶೇ 65ಕ್ಕಿಂತ ಹೆಚ್ಚು. ನೀರು ಬೇಡ. ಆದರೆ ಕೋಡಿನೊಳಗೆ ಹಳೆಯ 2700, 1200 ಕೂತಿವೆ, ಶೇ 50 ಎಂದು ತೀರ್ಮಾನಿಸಿ ವಾಲ್ವ್ ತೆರೆಯುತ್ತದೆ. ಅವನ ಯಂತ್ರದಲ್ಲಿ ಯಾವ ದೋಷವೂ ಕಾಣುವುದಿಲ್ಲ. ಎಲ್ಲ ಅಳತೆಗಳೂ ಸರಿಯಿವೆ, ಎಚ್ಚರಿಕೆಯ ಸಾಲು ಯಾವುದೂ ಬರುವುದಿಲ್ಲ. ಗಿಡಕ್ಕೆ ಮಾತ್ರ ನೀರು ಹೆಚ್ಚಾಗುತ್ತಿದೆ.

ಆದ್ದರಿಂದ ರೀಡ್‌ಮಿಯಲ್ಲಿ ಅಂಕಿಗಿಂತ ಅಂಕಿಯನ್ನು ಪಡೆದ ಬಗೆ ಮುಖ್ಯ. ಸೆನ್ಸರನ್ನು ಒರೆಸಿ ಗಾಳಿಯಲ್ಲಿ ಹಿಡಿದು ಅಂಕಿ ನಿಂತ ಮೇಲೆ ಬರೆದುಕೊಳ್ಳಿ, ಕೋಡಿನ `DRY` ಸಾಲಿನಲ್ಲಿ ಹಾಕಿ. ಲೋಟದ ನೀರಿನಲ್ಲಿ ಮೈಮೇಲಿನ ಗೆರೆಯವರೆಗೆ ಮಾತ್ರ ಮುಳುಗಿಸಿ ಬರೆದುಕೊಳ್ಳಿ, `WET` ಸಾಲಿನಲ್ಲಿ ಹಾಕಿ. ಗೆರೆಯ ಮೇಲಿನ ಭಾಗದಲ್ಲಿ ಐಸಿಗಳಿವೆ, ಅಲ್ಲಿಗೆ ನೀರು ಹೋಗಬಾರದು. ಇದರ ಜೊತೆಗೆ ಯಾವ ಮಣ್ಣಿನಲ್ಲಿ, ಎಷ್ಟು ಆಳದಲ್ಲಿ ಇಟ್ಟು ನೋಡಿದಿರಿ ಎಂದೂ ಹೇಳಬೇಕು. ಧಾರವಾಡದ ಕಡೆಯ ಎರೆ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವ ರೀತಿಯೇ ಬೇರೆ, ಕೋಲಾರದ ಕೆಂಪು ಮಣ್ಣಿನದೇ ಬೇರೆ. ಎರೆ ಮಣ್ಣು ಒಣಗಿ ಬಿರುಕು ಬಿಟ್ಟಾಗ ಸೆನ್ಸರಿಗೂ ಮಣ್ಣಿಗೂ ನಡುವೆ ಗಾಳಿ ಸೇರಿಕೊಂಡು ಅಂಕಿ ಇದ್ದಕ್ಕಿದ್ದಂತೆ ಹಾರುತ್ತದೆ. ನಮ್ಮ ಶೇಕಡಾ ಎಂಬುದು ಗಾಳಿ ಮತ್ತು ನೀರಿನ ನಡುವೆ ಎಳೆದ ಒಂದು ಗೆರೆ ಅಷ್ಟೇ, ಕೃಷಿ ವಿಜ್ಞಾನದವರು ಹೇಳುವ ತೇವಾಂಶವಲ್ಲ. ಇದನ್ನು ಒಂದು ಸಾಲಿನಲ್ಲಿ ಒಪ್ಪಿಕೊಂಡರೆ ಪ್ರಾಜೆಕ್ಟಿನ ಮರ್ಯಾದೆ ಕಡಿಮೆಯಾಗುವುದಿಲ್ಲ.

ಬರೆದದ್ದು ಸಾಕಾಗಿದೆಯೇ ಎಂದು ತಿಳಿಯುವುದು ಹೇಗೆ? ನಾನು ನಮ್ಮ ಹುಡುಗರಿಗೆ ಹೇಳುವುದು ಒಂದೇ ಉಪಾಯ. ಬೇರೆ ವಿಭಾಗದ ಒಬ್ಬ ಜೂನಿಯರನ್ನು ಕರೆಸಿ, ಬಿಡಿಬಿಡಿ ಸಾಮಾನು ಮತ್ತು ರೀಡ್‌ಮಿ ಎರಡನ್ನೇ ಅವನ ಮುಂದಿಟ್ಟು, ನೀವು ಹಿಂದೆ ಕೂತು ಬಾಯಿ ಮುಚ್ಚಿಕೊಂಡಿರಿ. ಅವನು ತಿರುಗಿ ನೋಡಿ ಕೇಳಿದ ಪ್ರತಿ ಪ್ರಶ್ನೆಗೂ ಉತ್ತರವನ್ನು ಬಾಯಲ್ಲಿ ಹೇಳದೆ ಕಡತದಲ್ಲಿ ಬರೆಯಿರಿ. ಬಾಯಿ ಮುಚ್ಚಿಕೊಂಡಿರುವುದೇ ಕಷ್ಟ. ಕಟ್ಟಿದವರಿಗೆ ಕೈ ತುರಿಸುತ್ತದೆ, ವೈರು ತಪ್ಪು ತೂತಿಗೆ ಹೋಗುವುದನ್ನು ನೋಡಲಾಗುವುದಿಲ್ಲ.

ಇಂಥದೊಂದು ಪರೀಕ್ಷೆಯಲ್ಲಿ ನಾನೂ ಪಕ್ಕದಲ್ಲಿದ್ದೆ. ಜೂನಿಯರ್ ಹುಡುಗಿ ಎಲ್ಲ ಹಂತಗಳನ್ನೂ ದಾಟಿದ್ದಳು. ಅಳತೆಗಳೆಲ್ಲ ಪಟ್ಟಿಯಂತೆ ಬಂದಿದ್ದವು. ಕೊನೆಗೆ ಲ್ಯಾಬಿನ ಮೇಜಿನ ಮೇಲೆ ಒಂದು ಬಕೆಟ್ ಇಟ್ಟು, ಅದರಿಂದ ಪೈಪು ತಂದು ವಾಲ್ವಿಗೆ ಹಾಕಿ, ವಾಲ್ವನ್ನು ನೆಲದ ಹತ್ತಿರ ಇಟ್ಟಳು. ಸೆನ್ಸರನ್ನು ಮಣ್ಣಿನಿಂದ ತೆಗೆದಳು. ರಿಲೇ ಟಿಕ್ ಎಂದಿತು, ವಾಲ್ವೂ ಟಕ್ ಎಂದಿತು. ನೀರು ಬರಲಿಲ್ಲ.

"ಅಣ್ಣಾ, ವಾಲ್ವ್ ಸೌಂಡ್ ಬರ್ತಿದೆ, ನೀರೇ ಬರ್ತಿಲ್ಲ" ಎಂದಳು.

"ನಮಗೆ ಬರ್ತಿತ್ತಲ್ಲ, ಪೈಪಲ್ಲಿ ಗಾಳಿ ಇರಬೇಕು ನೋಡು" ಎಂದ ಸೀನಿಯರ್, ನಿಯಮ ಮರೆತು.

ಪೈಪಿನಲ್ಲಿ ಗಾಳಿ ಇರಲಿಲ್ಲ. ಈ ಅಗ್ಗದ ಪ್ಲಾಸ್ಟಿಕ್ ವಾಲ್ವುಗಳಲ್ಲಿ ಸುರುಳಿ ನೇರವಾಗಿ ನೀರಿನ ದಾರಿಯನ್ನು ತೆರೆಯುವುದಿಲ್ಲ. ಅದು ಎತ್ತುವುದು ಒಂದು ಸಣ್ಣ ರಂಧ್ರದ ಮುಚ್ಚಳವನ್ನು ಮಾತ್ರ. ಆಮೇಲೆ ರಬ್ಬರಿನ ಪೊರೆಯನ್ನು ಮೇಲೆತ್ತಬೇಕಾದದ್ದು ನೀರಿನದೇ ಒತ್ತಡ. ಇವುಗಳ ವಿವರಪಟ್ಟಿಯಲ್ಲಿ ಸಾಮಾನ್ಯವಾಗಿ ಕನಿಷ್ಠ ಒತ್ತಡ 0.02 ಮೆಗಾಪಾಸ್ಕಲ್ ಎಂದಿರುತ್ತದೆ. ಅದು ಸುಮಾರು 2 ಮೀಟರ್ ಎತ್ತರದ ನೀರಿನ ಭಾರ. ಆ ಸೀನಿಯರುಗಳು ಕಾಲೇಜಿನ ಕೈತೋಟದಲ್ಲಿ, ಮಹಡಿಯ ಟ್ಯಾಂಕಿನಿಂದ ಬಂದ ನಲ್ಲಿಗೆ ಜೋಡಿಸಿದ್ದರು. ಅಲ್ಲಿ ಒತ್ತಡ ಬೇಕಾದಷ್ಟಿತ್ತು. ಮೇಜಿನ ಎತ್ತರ ಮುಕ್ಕಾಲು ಮೀಟರ್, ಬಕೆಟ್ಟಿನ ನೀರು ಸೇರಿದರೂ 1 ಮೀಟರಿನ ಆಸುಪಾಸು. ಆ ಹುಡುಗರ ರೀಡ್‌ಮಿಯಲ್ಲಿ ವೋಲ್ಟು, ಓಮ್ ಎಲ್ಲ ಇತ್ತು, ಟ್ಯಾಂಕಿನ ಎತ್ತರ ಇರಲಿಲ್ಲ. ಇಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಅದು ಸರ್ಕ್ಯೂಟಿನ ಭಾಗವೆಂದು ಹೊಳೆದಿರಲಿಲ್ಲ. ಅವತ್ತೇ ಪಟ್ಟಿಗೆ ಐದನೇ ಹಂತ ಸೇರಿತು:

```
5. ನೀರು: ವಾಲ್ವಿನಿಂದ ಕನಿಷ್ಠ 2 ಮೀ ಎತ್ತರದ ಟ್ಯಾಂಕ್.
   ಟಕ್ ಎಂಬ ಸದ್ದಿದೆ, ನೀರಿಲ್ಲ = ಒತ್ತಡ ಸಾಲದು; ಸರ್ಕ್ಯೂಟ್ ಬಿಚ್ಚಬೇಡಿ.
```

ಕೊನೆಯದಾಗಿ, ಪಟ್ಟಿಯಲ್ಲಿರುವ ಸಾಮಾನು ಮುಂದೆ ಸಿಗದೇ ಹೋಗುವ ವಿಷಯ. ಈ ಸೆನ್ಸರಿನ ಬದಲು ಬೇರೆ ಬರುತ್ತದೆ, ಬಕ್ ಮಾಡ್ಯೂಲಿನ ರೂಪ ಬದಲಾಗುತ್ತದೆ. ಅದಕ್ಕೆ ಸಾಮಾನಿನ ಪಟ್ಟಿಯಲ್ಲಿ ಇನ್ನೊಂದು ಅಂಕಣ ಇಡಿ, "ಬದಲಿ ತರುವಾಗ ನೋಡಬೇಕಾದದ್ದು" ಎಂದು. ಸೆನ್ಸರಿನ ಎದುರು: 3.3 ವೋಲ್ಟಿನಲ್ಲಿ ನಡೆಯಬೇಕು, ಔಟ್‌ಪುಟ್ 3.3 ವೋಲ್ಟ್ ಮೀರಬಾರದು. ರಿಲೇಯ ಎದುರು: 3.3 ವೋಲ್ಟಿನ ಸಂಕೇತಕ್ಕೆ ಎಳೆಯಬೇಕು, ಬಿಡಬೇಕು ಕೂಡ. ಬಕ್ ಮಾಡ್ಯೂಲಿನ ಎದುರು: 5 ವೋಲ್ಟಿನಲ್ಲಿ 1 ಆಂಪಿಯರ್ ಆರಾಮವಾಗಿ ಕೊಡಬೇಕು, ಏಕೆಂದರೆ ಇಎಸ್‌ಪಿ32 ಮತ್ತು ರಿಲೇ ಎರಡೂ ಅದರ ಮೇಲಿವೆ. ವಾಲ್ವಿನ ಎದುರು: ಸೊನ್ನೆ ಒತ್ತಡದಲ್ಲೂ ತೆರೆಯುವ ಬಗೆ ಸಿಕ್ಕರೆ ಅದನ್ನೇ ತನ್ನಿ, ಅದು ಕರೆಂಟು ಹೆಚ್ಚು ಎಳೆಯುತ್ತದೆಯೇ ಎಂದು ಅಡಾಪ್ಟರಿನ ಮೇಲೆ ಅಚ್ಚಾದ ಆಂಪಿಯರಿನೊಂದಿಗೆ ಹೋಲಿಸಿ ನೋಡಿ, ಆಗ ಐದನೇ ಹಂತದ 2 ಮೀಟರಿನ ಸಾಲನ್ನು ಹೊಡೆದುಹಾಕಬಹುದು.